ರೋಗಿ ಗೆಳೆಯನಿಗೊಂದು ಓಲೆ: ಸತ್ಯವನ್ನು ಅಳಿಸದೆ ತಿದ್ದುವುದು ಹೇಗೆ?



ವಿಮರ್ಶೆಯೆಂದರೆ ಕತೆ, ಕವಿತೆ, ಕಾದಂಬರಿಗಳನ್ನು ಕುರಿತದ್ದೆಂಬುದು ವಾಡಿಕೆ. ಈ ತಿಂಗಳು ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಯಾವ ಗ್ರಂಥಭಂಡಾರದಲ್ಲೂ ಸಿಗದ, ಆದರೆ ನಮ್ಮಲ್ಲಿ ಬಹುಮಂದಿ ಒಮ್ಮೆಯಾದರೂ ಬರೆದಿರುವ ಒಂದು ಬರಹವನ್ನು. ಅದು ಗುಣವಾಗದ ಕಾಯಿಲೆಯಲ್ಲಿರುವ ಗೆಳೆಯನಿಗೆ ಕಳಿಸುವ ಸಂದೇಶ. ಹಿಂದೆ ಅದು ಅಂತರ್ದೇಶೀಯ ಪತ್ರದಲ್ಲಿ ಹೋಗುತ್ತಿತ್ತು, ಇಂದು ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತದೆ. ಹಾದಿ ಬದಲಾದರೂ ಧಾಟಿ ಹೆಚ್ಚು ಬದಲಾಗಿಲ್ಲ. ಹಾಸಿಗೆಯಲ್ಲಿರುವವನು ಅದನ್ನು ಒಮ್ಮೆಯಲ್ಲ, ರಾತ್ರಿ ನಿದ್ದೆ ಬಾರದ ಹೊತ್ತಿನಲ್ಲಿ ಹತ್ತು ಸಲ ಓದುತ್ತಾನೆ. ಆದ್ದರಿಂದ ಅದರ ಒಂದೊಂದು ವಾಕ್ಯವೂ ಪರೀಕ್ಷೆಗೆ ಅರ್ಹವಾದದ್ದು.

ಕೆಳಗಿನ ಸಂದೇಶ ಯಾರೊಬ್ಬರದೂ ಅಲ್ಲ. ಇಂಥ ಸಂದೇಶಗಳಲ್ಲಿ ಪದೇಪದೇ ಕಾಣುವ ಮಾತುಗಳನ್ನು ಕೂಡಿಸಿ ನಾನೇ ಕಟ್ಟಿದ ಮಾದರಿ ಇದು. ಬರೆಯುವವನೂ ಓದುವವನೂ ಬಾಲ್ಯದ ಗೆಳೆಯರು. ರೋಗಿ ನಿವೃತ್ತ ಕನ್ನಡ ಮೇಷ್ಟ್ರು, ಧರ್ಮಕೇಂದ್ರದ ಗಾಯನವೃಂದವನ್ನು ನಡೆಸಿದವರು. ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಯಕೃತ್ತಿಗೂ ಹಬ್ಬಿದೆ. ರೋಗಿಗೂ ಮನೆಯವರಿಗೂ ವಿಷಯ ತಿಳಿದಿದೆ. ಸಂದೇಶ ಹೀಗಿದೆ:

“ಗೆಳೆಯಾ, ನಿನ್ನ ವಿಷಯ ಕೇಳಿ ಎದೆಯೊಡೆಯಿತು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಅದೂ ಯಕೃತ್ತಿಗೆ ಹಬ್ಬಿದೆಯಂತೆ. ಈ ರೋಗ ಬಂದವರು ಯಾರೂ ಉಳಿದಿಲ್ಲ. ಡಾಕ್ಟರು ಆರು ತಿಂಗಳು ಎಂದಿದ್ದಾರೆಂದು ಅತ್ತಿಗೆ ಅಳುತ್ತಾ ಹೇಳಿದರು. ಇನ್ನು ಕೀಮೋ ಕೊಡಿಸಿ ಏನು ಪ್ರಯೋಜನ, ನರಳಾಟವಷ್ಟೆ. ನನ್ನ ಚಿಕ್ಕಪ್ಪನೂ ಹೀಗೆಯೇ ನೋವಿನಿಂದ ಒದ್ದಾಡಿ ಹೋದರು. ನೀನು ಎಷ್ಟು ಒಳ್ಳೆಯ ಮೇಷ್ಟ್ರಾಗಿದ್ದೆ, ಎಷ್ಟು ಚೆನ್ನಾಗಿ ಹಾಡುತ್ತಿದ್ದೆ! ಪಾಪ, ನಿನಗೇಕೆ ಹೀಗಾಯಿತೋ? ದೇವರ ಚಿತ್ತ ಎನ್ನದೆ ಬೇರೇನು ಹೇಳಲಿ. ನಿನ್ನನ್ನು ಈ ಸ್ಥಿತಿಯಲ್ಲಿ ನೋಡುವ ಧೈರ್ಯ ನನಗಿಲ್ಲ. ಏನಾದರೂ ಬೇಕಿದ್ದರೆ ಹೇಳು. ಪ್ರಾರ್ಥನೆಯೊಂದೇ ಈಗ ಉಳಿದಿರುವುದು.”

ಈ ಬರಹದಲ್ಲಿ ದುರುದ್ದೇಶವಿಲ್ಲ. ಬರೆದವನು ಅತ್ತಿದ್ದಾನೆ, ಆ ಕಣ್ಣೀರು ನಿಜವಾದದ್ದು. ಹೀಗೆ ಬರೆಯುವವರನ್ನು ಕೇಳಿದರೆ ‘ನಾನು ಸುಳ್ಳು ಹೇಳಲಾರೆ, ಇದ್ದದ್ದನ್ನು ಇದ್ದಂತೆ ಬರೆದೆ’ ಎನ್ನುತ್ತಾರೆ. ಈ ಸಮರ್ಥನೆಯನ್ನೇ ನಾವು ಮೊದಲು ಪರಿಶೀಲಿಸಬೇಕು. ಇದ್ದದ್ದನ್ನು ಇದ್ದಂತೆ ಬರೆದಿದ್ದಾನೆಯೇ?

ಸಂದೇಶದಲ್ಲಿ ಹನ್ನೆರಡು ವಾಕ್ಯಗಳಿವೆ. ರೋಗದ ಬಗ್ಗೆ ಖಚಿತವಾದ ಸಂಗತಿಯನ್ನು ಹೇಳುವುದು ಅವುಗಳಲ್ಲಿ ಒಂದೇ ಒಂದು, ಎರಡನೆಯದು. ನಾಲ್ಕನೆಯದು ವೈದ್ಯರ ಅಂದಾಜು, ಅದೂ ಅಳುತ್ತಿದ್ದವರ ಬಾಯಿಂದ ಕೇಳಿದ್ದು. ಉಳಿದ ಹತ್ತು ವಾಕ್ಯಗಳಲ್ಲಿ ಇರುವುದು ಬರೆದವನ ದುಃಖ, ಅವನ ಭಯ, ಅವನ ತೀರ್ಮಾನ ಹಾಗೂ ಬೇರೊಬ್ಬ ರೋಗಿಯ ಕತೆ. ಆದರೆ ಇವೆಲ್ಲವೂ ಒಂದೇ ಸ್ವರದಲ್ಲಿ ಬರುವುದರಿಂದ ಓದುವವನಿಗೆ ಹನ್ನೆರಡೂ ಸತ್ಯಸಂಗತಿಗಳಂತೆ ಕೇಳಿಸುತ್ತವೆ. ಇಂಥ ಓಲೆಯನ್ನು ತಿದ್ದಲು ಹೊರಟವನ ಮೊದಲ ಕೆಲಸ ಸತ್ಯವನ್ನು ಮೆತ್ತಗೆ ಮಾಡುವುದಲ್ಲ. ಯಾವುದು ಸತ್ಯ, ಯಾವುದು ಅಂದಾಜು, ಯಾವುದು ತನ್ನ ಭಯ ಎಂದು ಬೇರ್ಪಡಿಸುವುದು. ಒಂದು ಕಾಗದದಲ್ಲಿ ಮೂರು ಸಾಲು ಎಳೆದು ವಾಕ್ಯಗಳನ್ನು ಹಂಚಿಕೊಂಡರೆ ಕೆಲಸ ಅರ್ಧ ಮುಗಿದಂತೆ.

‘ಯಾರೂ ಉಳಿದಿಲ್ಲ’ ಎಂಬ ಮೂರನೆಯ ವಾಕ್ಯವನ್ನು ಅದರ ಪಕ್ಕದ ‘ಆರು ತಿಂಗಳು’ ಎಂಬುದರ ಜೊತೆಗೆ ನೋಡೋಣ. ವೈದ್ಯರು ತಿಂಗಳುಗಳ ಲೆಕ್ಕ ಹೇಳುವಾಗ ಸಾಮಾನ್ಯವಾಗಿ ಅವರ ಮನಸ್ಸಿನಲ್ಲಿರುವುದು ಮಧ್ಯಾಂಕ. ಅಂದರೆ ಇದೇ ಹಂತದ ನೂರು ರೋಗಿಗಳನ್ನು ಸಾಲಾಗಿ ನಿಲ್ಲಿಸಿದರೆ, ಅರ್ಧದಷ್ಟು ಜನ ಆ ಅವಧಿಗಿಂತ ಕಡಿಮೆ ಬದುಕಿದರು, ಇನ್ನರ್ಧ ಅದಕ್ಕಿಂತ ಹೆಚ್ಚು ಬದುಕಿದರು ಎಂದರ್ಥ. ಅದು ನಡುವಿನ ಗುರುತು, ಗೋಡೆಗೆ ಹೊಡೆದ ಗಡುವಲ್ಲ. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಪೊರೆಯ ಅಪರೂಪದ ಕ್ಯಾನ್ಸರ್ ಇರುವುದು ತಿಳಿದಾಗ ಪುಸ್ತಕಗಳಲ್ಲಿದ್ದ ಮಧ್ಯಾಂಕ ಎಂಟು ತಿಂಗಳು. ಮಧ್ಯಾಂಕವನ್ನು ತೀರ್ಪೆಂದು ಓದಬಾರದೆಂದು ವಿವರಿಸುವ ಒಂದು ಪ್ರಬಂಧವನ್ನು ಅವರು 1985ರಲ್ಲಿ ಬರೆದರು. ಅವರು ತೀರಿಕೊಂಡದ್ದು 2002ರಲ್ಲಿ, ಬೇರೊಂದು ಕ್ಯಾನ್ಸರಿನಿಂದ.

ಆದರೆ ಇಲ್ಲೊಂದು ಎಚ್ಚರ ಬೇಕು. ಗೌಲ್ಡ್ ಅವರ ಕತೆಯನ್ನು ನಮ್ಮ ಮೇಷ್ಟ್ರಿಗೆ ಬರೆದು ‘ನೋಡು, ನಿನಗೂ ಇಪ್ಪತ್ತು ವರ್ಷ’ ಎಂದರೆ ಅದು ಇನ್ನೊಂದು ಬಗೆಯ ಸುಳ್ಳು. ಅವರ ರೋಗ ಬೇರೆ, ವಯಸ್ಸು ಬೇರೆ, ಚಿಕಿತ್ಸೆ ಬೇರೆ. ಯಕೃತ್ತಿಗೆ ಹಬ್ಬಿದ ಮೇದೋಜೀರಕದ ಕ್ಯಾನ್ಸರ್ ಗುಣವಾಗುವುದನ್ನು ಇಂದಿನ ವೈದ್ಯಶಾಸ್ತ್ರ ನಿರೀಕ್ಷಿಸುವುದಿಲ್ಲ. ಕೀಮೋ ಕೊಡುವುದು ಆಯುಸ್ಸನ್ನು ಸ್ವಲ್ಪ ಹೆಚ್ಚಿಸಲು, ಬಾಧೆಯನ್ನು ತಗ್ಗಿಸಲು. ಮಧ್ಯಾಂಕದ ಅರ್ಥ ತಿಳಿದವನು ಕಲಿಯಬೇಕಾದ ಪಾಠ ಇಷ್ಟೆ: ನನ್ನ ಗೆಳೆಯನ ದಿನಗಳ ಲೆಕ್ಕ ನನಗೆ ಗೊತ್ತಿಲ್ಲ, ಆದ್ದರಿಂದ ಅದನ್ನು ನಾನು ಅವನಿಗೆ ಬರೆಯುವುದಿಲ್ಲ, ಕಡಿಮೆ ಮಾಡಿಯೂ ಬರೆಯುವುದಿಲ್ಲ, ಹೆಚ್ಚು ಮಾಡಿಯೂ ಬರೆಯುವುದಿಲ್ಲ.

‘ಕೀಮೋ ಕೊಡಿಸಿ ಏನು ಪ್ರಯೋಜನ’ ಎಂಬ ವಾಕ್ಯ ಪ್ರಶ್ನೆಯ ವೇಷದಲ್ಲಿರುವ ತೀರ್ಪು. ಚಿಕಿತ್ಸೆ ಬೇಡವೆನ್ನುವ ಹಕ್ಕು ರೋಗಿಗಿದೆ. ಪ್ರಯೋಜನಕ್ಕಿಂತ ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ನಿಲ್ಲಿಸುವುದನ್ನು ಧರ್ಮಸಭೆಯೂ ಒಪ್ಪುತ್ತದೆ. ಆದರೆ ಆ ತೀರ್ಮಾನ ರೋಗಿಯದು. ಅವನು ವೈದ್ಯರ ಜೊತೆ ಕುಳಿತು ತೆಗೆದುಕೊಳ್ಳಬೇಕಾದದ್ದು. ದೂರದ ಗೆಳೆಯ ಒಂದು ಸಾಲಿನಲ್ಲಿ ಮುಗಿಸುವಂಥದ್ದಲ್ಲ. ಇನ್ನು ಚಿಕ್ಕಪ್ಪನ ಮರಣದ ನೆನಪು ಬರೆದವನ ಮನಸ್ಸಿನ ಗಾಯ. ಅದಕ್ಕೆ ಈ ಓಲೆಯಲ್ಲಿ ಜಾಗವಿಲ್ಲ. ಅದು ಸಂಗತಿಯ ದೃಷ್ಟಿಯಿಂದಲೂ ಅಪೂರ್ಣ. ಇಂಥ ನೋವಿಗೆ ಮಾರ್ಫಿನ್ ಮಾತ್ರೆಗಳಿವೆ. ಹೊಟ್ಟೆಯ ಹಿಂಬದಿಯ ನರಗಳ ಗೊಂಚಲಿಗೆ ಚುಚ್ಚುಮದ್ದು ಕೊಟ್ಟು ನೋವು ತಗ್ಗಿಸುವ ವಿಧಾನವೂ ಇದೆ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದರೆ ಅದರೊಳಗೆ ಪುಟ್ಟ ಕೊಳವೆ ಇಟ್ಟು ದಾರಿ ಮಾಡಿಕೊಡುತ್ತಾರೆ. ವೈದ್ಯಕೀಯ ಬಳಕೆಗೆ ಮಾರ್ಫಿನ್ ಸಿಗುವುದನ್ನು ಸುಲಭಗೊಳಿಸಲು ನಮ್ಮ ದೇಶದ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಯಿತು. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತವೆ. ಎಲ್ಲ ನೋವೂ ಎಲ್ಲರಿಗೂ ಪೂರ್ತಿಯಾಗಿ ಹೋಗುತ್ತದೆಂದು ಹೇಳಲಾಗದು. ಆದರೆ ಒದ್ದಾಡಿಯೇ ಹೋಗಬೇಕೆಂಬ ವಿಧಿಯಂತೂ ಇಲ್ಲ. ಅಂದಮೇಲೆ ಸಂದೇಶದ ಆರನೆಯ ವಾಕ್ಯ ಕಠೋರ ಸತ್ಯವೂ ಅಲ್ಲ, ಅದು ಸತ್ಯದ ಒಂದು ತುಂಡು ಮಾತ್ರ.

ಏಳನೆಯ ವಾಕ್ಯ ಹೊಗಳಿಕೆಯಂತೆ ಕಾಣುತ್ತದೆ. ಅದರ ಕ್ರಿಯಾಪದಗಳನ್ನು ಗಮನಿಸಿ: ಮೇಷ್ಟ್ರಾಗಿದ್ದೆ, ಹಾಡುತ್ತಿದ್ದೆ. ಬದುಕಿರುವವನ ಕುರಿತು ಭೂತಕಾಲ! ವ್ಯಾಕರಣದಲ್ಲಿಯೇ ಅವನನ್ನು ಸಮಾಧಿಗೆ ಇಳಿಸಿಯಾಗಿದೆ. ಕನ್ನಡ ಮೇಷ್ಟ್ರಿಗೆ ಇದು ಕಾಣದೆ ಹೋದೀತೇ? ನಿವೃತ್ತರಾದದ್ದು ನಿಜ, ಈಗ ಎದ್ದು ನಿಂತು ಹಾಡಲಾಗದಿರುವುದೂ ನಿಜವಿರಬಹುದು. ಆದರೆ ಅವರು ಕಲಿಸಿದ ಮಕ್ಕಳು ಇಂದೂ ಓದುತ್ತಿದ್ದಾರೆ, ಅವರು ಕೂಡಿಸಿದ ರಾಗವನ್ನು ಇಂದೂ ಹಾಡುತ್ತಿದ್ದಾರೆ. ‘ನೀನು ಕೂಡಿಸಿದ ರಾಗವನ್ನು ಮಕ್ಕಳು ಹಾಡುತ್ತಿದ್ದಾರೆ’ ಎಂಬುದು ವರ್ತಮಾನಕಾಲದ ಸತ್ಯ. ಒಂದು ಪ್ರತ್ಯಯ ಬದಲಾದರೆ ಮನುಷ್ಯ ಬದುಕಿದವರ ಸಾಲಿಗೆ ಮರಳುತ್ತಾನೆ, ಯಾವ ಸಂಗತಿಯೂ ಸುಳ್ಳಾಗುವುದಿಲ್ಲ.

‘ಪಾಪ, ನಿನಗೇಕೆ ಹೀಗಾಯಿತೋ’ ಎಂಬ ಮಾತು ನಮ್ಮ ಆಡುಮಾತಿನಲ್ಲಿ ಕನಿಕರದ ಉದ್ಗಾರ. ಆದರೆ ಕ್ರೈಸ್ತರ ಮನೆಯಲ್ಲಿ ‘ಪಾಪ’ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಕಾಯಿಲೆಯವನು ರಾತ್ರಿಯಲ್ಲಿ ಅದನ್ನು ಎರಡೂ ಅರ್ಥದಲ್ಲಿ ಓದಬಲ್ಲ: ‘ನಾನೇನು ಪಾಪ ಮಾಡಿದೆ?’ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನ ಬಳಿ ಕುಳಿತಾಗ ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ತೆರೆದು ಕಾರಣ ಹುಡುಕತೊಡಗಿದ ಮೇಲೆ ಕೆಟ್ಟರು. ಅವರು ಸರಿಯಾದದ್ದನ್ನು ನುಡಿಯಲಿಲ್ಲವೆಂದು ದೇವರೇ ಕೊನೆಯಲ್ಲಿ ಆಕ್ಷೇಪಿಸುತ್ತಾರೆ. ‘ದೇವರ ಚಿತ್ತ’ ಎಂಬ ಒಂಬತ್ತನೆಯ ವಾಕ್ಯದ ದೋಷವೂ ಇದೇ ಜಾತಿಯದು. ಆ ಮಾತನ್ನು ಗೆತ್ಸೆಮನೆಯ ತೋಟದಲ್ಲಿ ಪ್ರಭು ತಮ್ಮ ಬಗ್ಗೆ ತಾವೇ ಆಡಿದರು, ಅದೂ ಪಾತ್ರೆ ತಪ್ಪಲೆಂದು ಬೇಡಿಕೊಂಡ ಅನಂತರ. ರೋಗಿಯೇ ಆಡಿದರೆ ಅದು ಪ್ರಾರ್ಥನೆ. ಆರೋಗ್ಯವಂತನು ರೋಗಿಗೆ ಆಡಿದರೆ ಸಂಭಾಷಣೆಗೆ ಹಾಕಿದ ಬೀಗ.

ಕೊನೆಯ ಮೂರು ವಾಕ್ಯಗಳ ವಿಷಯ ರೋಗವಲ್ಲ, ಗೆಳೆಯನ ಗೈರುಹಾಜರಿ. ನೋಡುವ ಧೈರ್ಯವಿಲ್ಲ ಎಂದರೆ ಬರುವುದಿಲ್ಲ ಎಂದರ್ಥ. ‘ಏನಾದರೂ ಬೇಕಿದ್ದರೆ ಹೇಳು’ ಎಂಬುದು ಉದಾರವಾಗಿ ಕೇಳಿಸಿದರೂ, ಬೇಡುವ ಭಾರವನ್ನು ಹಾಸಿಗೆಯಲ್ಲಿರುವವನ ಮೇಲೆಯೇ ಹಾಕುತ್ತದೆ. ಬೇಡಿ ಅಭ್ಯಾಸವಿಲ್ಲದ ಮೇಷ್ಟ್ರು ಎಂದೂ ಬೇಡುವುದಿಲ್ಲ. ‘ಪ್ರಾರ್ಥನೆಯೊಂದೇ ಉಳಿದಿರುವುದು’ ಎಂಬಲ್ಲಿ ಪ್ರಾರ್ಥನೆಯನ್ನು ಎಲ್ಲ ಬಾಗಿಲೂ ಮುಚ್ಚಿದ ಮೇಲೆ ತಟ್ಟುವ ಕೊನೆಯ ಬಾಗಿಲಾಗಿ ಮಾಡಲಾಗಿದೆ. ಗೆಳೆಯ ರೋಗಿಯ ಬಾಯಿಗೆ ನೀರು ಹಿಡಿಯುವುದಿದೆ, ದಿಂಬು ಸರಿಪಡಿಸುವುದಿದೆ, ಪತ್ರಿಕೆ ಓದಿ ಹೇಳುವುದಿದೆ. ಉಳಿದಿರುವುದು ಬೇಕಾದಷ್ಟಿದೆ.

ಈ ಓಲೆಯನ್ನು ತಿದ್ದಿಕೊಡಿ ಎಂದರೆ ಹೆಚ್ಚಿನವರು ಮಾಡುವುದೇನು? ತಿರುಗಿಸಿ ಬರೆಯುತ್ತಾರೆ: ‘ಏನೂ ಆಗುವುದಿಲ್ಲ ಬಿಡು, ನೀನು ಖಂಡಿತ ಗುಣವಾಗುತ್ತೀಯ. ಧೈರ್ಯವಾಗಿದ್ದರೆ ಸಾಕು, ಅರ್ಧ ರೋಗ ಓಡಿಹೋಗುತ್ತದೆ. ಪ್ರಭು ಪವಾಡ ಮಾಡಿಯೇ ಮಾಡುತ್ತಾರೆ.’ ಇದು ಮೊದಲನೆಯದಕ್ಕಿಂತ ಉತ್ತಮವೆಂದು ನನಗೆ ತೋರುವುದಿಲ್ಲ. ಯಕೃತ್ತಿನ ಸ್ಕ್ಯಾನ್ ನೋಡಿಬಂದವನಿಗೆ ಇದು ಹುಸಿಯೆಂದು ತಕ್ಷಣ ತಿಳಿಯುತ್ತದೆ. ಇನ್ನು ಮುಂದೆ ಈ ಗೆಳೆಯನ ಬಳಿ ನಿಜವಾದ ಭಯವನ್ನು ಹೇಳಿಕೊಳ್ಳುವಂತಿಲ್ಲವೆಂದು ಅವನು ಅರಿಯುತ್ತಾನೆ. ಜೊತೆಗೆ ರೋಗ ಹೆಚ್ಚಾದರೆ ‘ನನ್ನ ಧೈರ್ಯ ಸಾಲದಾಯಿತು, ನನ್ನ ವಿಶ್ವಾಸ ಸಾಲದಾಯಿತು’ ಎಂಬ ಹೊಸ ಹೊರೆಯೂ ಅವನ ಮೇಲೆ ಬೀಳುತ್ತದೆ.

ಈ ಎರಡನೆಯ ತಪ್ಪಿಗೆ ನಮ್ಮ ಭಾಷೆಯೂ ಸ್ವಲ್ಪಮಟ್ಟಿಗೆ ಕಾರಣ. ಕನ್ನಡದಲ್ಲಿ ‘ಭರವಸೆ’ ಎಂದರೆ ಒಳಗಿನ ಆಶಾಭಾವವೂ ಹೌದು, ಹೊರಗೆ ಕೊಡುವ ಮಾತೂ ಹೌದು. ಮಂತ್ರಿಗಳು ರಸ್ತೆ ಮಾಡಿಸುವ ಭರವಸೆ ಕೊಡುತ್ತಾರೆ. ಹಾಗಾಗಿ ರೋಗಿಗೆ ಭರವಸೆ ಕೊಡುವುದೆಂದರೆ ಗುಣವಾಗುವ ಮಾತು ಕೊಡುವುದು ಎಂದೇ ನಾವು ತಿಳಿದುಬಿಡುತ್ತೇವೆ. ಕೊಡಲು ನಮ್ಮ ಕೈಯಲ್ಲಿಲ್ಲದ್ದನ್ನು ಕೊಡಲು ಹೋಗುತ್ತೇವೆ.

ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇಲ್ಲಿ ನಮಗೆ ನೆರವಾಗುತ್ತಾರೆ. ಭರವಸೆಯ ಗುರಿಗೆ ಅವರು ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ. ಅದು ಒಳ್ಳೆಯದಾಗಿರಬೇಕು, ಇನ್ನೂ ಮುಂದೆ ಬರಬೇಕಾದದ್ದಾಗಿರಬೇಕು, ದೊರಕಿಸಿಕೊಳ್ಳಲು ಕಷ್ಟವಾದದ್ದಾಗಿರಬೇಕು, ಆದರೂ ಸಾಧ್ಯವಾದದ್ದಾಗಿರಬೇಕು. ‘ಸಾಧ್ಯ’ ಎಂಬುದನ್ನು ತೆಗೆದುಹಾಕಿದರೆ ಉಳಿಯುವುದು ಹತಾಶೆ. ನಮ್ಮ ಮೊದಲ ಸಂದೇಶ ಮಾಡಿದ್ದು ಅದನ್ನೇ. ‘ಕಷ್ಟ’ ಎಂಬುದನ್ನು ತೆಗೆದುಹಾಕಿದರೆ ಉಳಿಯುವುದು ಹುಸಿ ಧೈರ್ಯ. ಎರಡನೆಯದು ಮಾಡಿದ್ದು ಅದನ್ನು. ಹತಾಶೆಯನ್ನೂ ಮಿತಿಮೀರಿದ ಭರವಸೆಯನ್ನೂ ಅಕ್ವಿನಾಸರು ಒಂದೇ ಸದ್ಗುಣಕ್ಕೆ ವಿರುದ್ಧವಾದ ಎರಡು ದೋಷಗಳೆಂದು ಅಕ್ಕಪಕ್ಕದಲ್ಲಿಯೇ ಇಟ್ಟು ಚರ್ಚಿಸುತ್ತಾರೆ. ಓಲೆ ತಿದ್ದುವವನು ಪ್ರತಿ ವಾಕ್ಯಕ್ಕೂ ಈ ನಾಲ್ಕು ಲಕ್ಷಣಗಳನ್ನು ಒರೆಗಲ್ಲಾಗಿ ಬಳಸಬಹುದು. ಸಂಪೂರ್ಣ ಗುಣವಾಗುವುದು ಈಗ ನಾವು ಕಾಣುವ ಸಾಧ್ಯತೆಯಲ್ಲಿ ಇಲ್ಲವಾದರೆ, ಇದೇ ದಿನಗಳೊಳಗೆ ಯಾವ ಒಳಿತು ಕಷ್ಟವಾದರೂ ಸಾಧ್ಯ ಎಂದು ಹುಡುಕಬೇಕು.

ಇದನ್ನು ಮಾಡಿ ತೋರಿಸಿದ ಓಲೆಯೊಂದು ಪವಿತ್ರ ಬೈಬಲಿನಲ್ಲೇ ಇದೆ. ಕ್ರಿಸ್ತಪೂರ್ವ 597ರಲ್ಲಿ ಜೆರುಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಅವನ ಗ್ರಂಥದ 29ನೆಯ ಅಧ್ಯಾಯದಲ್ಲಿದೆ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎಲ್ಲರೆದುರು ಎರಡೇ ವರ್ಷಗಳಲ್ಲಿ ಎಲ್ಲರೂ ಮರಳಿ ಬರುತ್ತಾರೆಂದು ಸಾರಿ, ಯೆರೆಮೀಯನ ಕುತ್ತಿಗೆಯ ಮೇಲಿದ್ದ ಮರದ ನೊಗವನ್ನು ಮುರಿದುಹಾಕುತ್ತಾನೆ. ಯೆರೆಮೀಯ ಅದನ್ನು ಕೇಳಿ ಮೊದಲು ಹೇಳುವುದು ಆಮೆನ್ ಎಂದು, ಹಾಗೆಯೇ ಆಗಲಿ ಎಂದು! ಬಿಡುಗಡೆ ಅವನಿಗೂ ಬೇಕಿತ್ತು. ಬೇಕೆನ್ನುವುದು ಬೇರೆ, ಆಗುತ್ತದೆಂದು ಮಾತು ಕೊಡುವುದು ಬೇರೆ ಎಂಬ ವಿವೇಕ ಅವನಲ್ಲಿತ್ತು. ಅವನು ಬರೆದ ಓಲೆಯಲ್ಲಿ ಎಪ್ಪತ್ತು ವರ್ಷವೆಂಬ ಸಂಖ್ಯೆ ಇದೆ. ಅದನ್ನು ಓದಿದ ಹಿರಿಯರಿಗೆ ತಾವು ಊರು ನೋಡುವುದಿಲ್ಲವೆಂಬುದು ಸ್ಪಷ್ಟವಾಗಿ ತಿಳಿಯಿತು. ಆ ಸಂಖ್ಯೆಯನ್ನು ಅವನು ಮರೆಮಾಚಲಿಲ್ಲ. ಆದರೆ ಓಲೆ ಆರಂಭವಾಗುವುದು ಸಂಖ್ಯೆಯಿಂದಲ್ಲ, ಇಂದು ಮಾಡಬಹುದಾದ ಕೆಲಸಗಳಿಂದ: ಮನೆ ಕಟ್ಟಿಕೊಳ್ಳುವುದು, ತೋಟ ಮಾಡಿ ಅದರ ಫಲ ತಿನ್ನುವುದು, ಮಕ್ಕಳ ಮದುವೆ ಮಾಡುವುದು, ಇರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸುವುದು. ದೇವರು ಜೆರುಸಲೇಮಿನಲ್ಲಿ ಮಾತ್ರ ಸಿಗುವವರಲ್ಲ, ಅಲ್ಲಿಯೂ ಸಿಗುತ್ತಾರೆಂಬುದೇ ಆ ಓಲೆಯ ಒಳದನಿ. ಸೆರೆವಾಸ ಸುಳ್ಳೆನ್ನದೆ ಸೆರೆವಾಸದೊಳಗೆ ಬದುಕನ್ನು ತೋರಿದ ಓಲೆ ಅದು.

ಈಗ ನಮ್ಮ ಸಂದೇಶಕ್ಕೆ ಮರಳೋಣ. ಈ ಒರೆಗಲ್ಲುಗಳಿಗೆ ತಿಕ್ಕಿ ತಿದ್ದಿದರೆ ಅದು ಹೀಗಾಗಬಹುದು:

“ಗೆಳೆಯಾ, ನಿನ್ನ ವಿಷಯವನ್ನು ಅತ್ತಿಗೆ ಹೇಳಿದರು. ಕೇಳಿ ಬಹಳ ಹೊತ್ತು ಸುಮ್ಮನೆ ಕುಳಿತುಬಿಟ್ಟೆ, ಈಗಲೂ ದುಃಖವಾಗುತ್ತಿದೆ. ರೋಗ ಯಕೃತ್ತಿಗೆ ಹಬ್ಬಿದೆ, ಪೂರ್ತಿ ಗುಣಪಡಿಸುವ ಮದ್ದಿಲ್ಲ ಎಂದು ಡಾಕ್ಟರು ನಿನಗೆ ಹೇಳಿದ್ದಾರಂತೆ. ಏನೂ ಆಗುವುದಿಲ್ಲ ಬಿಡು ಎಂದು ನಾನು ಬರೆಯುವುದಿಲ್ಲ. ನೀನು ನನ್ನನ್ನು ನಂಬುವುದೂ ಇಲ್ಲ. ಕೀಮೋ ಬೇಕೋ ಬೇಡವೋ ಎಂಬುದನ್ನು ನೀನೂ ಡಾಕ್ಟರೂ ತೀರ್ಮಾನಿಸಿ. ಏನೇ ತೀರ್ಮಾನಿಸಿದರೂ ನಾನು ನಿನ್ನ ಪಕ್ಕದಲ್ಲಿರುತ್ತೇನೆ. ನೋವನ್ನು ಮಾತ್ರ ಹಲ್ಲುಕಚ್ಚಿ ಸಹಿಸಬೇಡ. ಅದಕ್ಕೆ ಒಳ್ಳೆಯ ಮದ್ದುಗಳಿವೆಯಂತೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನಾನೂ ಬರುತ್ತೇನೆ, ಇಬ್ಬರೂ ಕೇಳೋಣ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮನೆಗೆ ಬರುತ್ತೇನೆ. ಮಾತು ಬೇಡವೆನಿಸಿದರೆ ಸುಮ್ಮನೆ ಕುಳಿತಿರುತ್ತೇನೆ. ಅಂದು ಆಗದಿದ್ದರೆ ‘ಬೇಡ’ ಎಂದು ಒಂದೇ ಪದ ಕಳಿಸು, ಬೇಸರವಿಲ್ಲ. ಗಾಯನವೃಂದದ ಮಕ್ಕಳು ನೀನು ರಾಗ ಕೂಡಿಸಿದ ಹಾಡನ್ನು ಅಭ್ಯಾಸ ಮಾಡುತ್ತಿದ್ದಾರೆ. ಎರಡನೆಯ ಚರಣದ ಧಾಟಿ ತಿಳಿಯದೆ ನಿಂತಿದ್ದಾರೆ. ನಿನಗೆ ಶಕ್ತಿಯಿರುವ ಹೊತ್ತಿನಲ್ಲಿ ನಾಲ್ಕು ಸಾಲು ಗುನುಗಿದರೂ ಸಾಕು, ನಾನು ಫೋನಿನಲ್ಲಿ ಹಿಡಿದುಕೊಂಡು ಹೋಗುತ್ತೇನೆ. ನೀನು ಗುಣವಾಗಲೆಂದು ದಿನವೂ ಬೇಡುತ್ತಿದ್ದೇನೆ. ಗುಣವಾಗದಿದ್ದರೂ ಪ್ರಭು ನಿನ್ನ ಕೈ ಬಿಡುವುದಿಲ್ಲವೆಂದು ನಂಬಿದ್ದೇನೆ. ನಿನಗೆ ಸಿಟ್ಟು ಬಂದಿದ್ದರೆ ಅದನ್ನೂ ನನ್ನ ಬಳಿ ಹೇಳು.”

ಮೊದಲ ಸಂದೇಶದ ಖಚಿತ ಸಂಗತಿ ಇಲ್ಲಿಯೂ ಇದೆ. ಅಷ್ಟೇ ಅಲ್ಲ, ‘ಪೂರ್ತಿ ಗುಣಪಡಿಸುವ ಮದ್ದಿಲ್ಲ’ ಎಂಬುದು ಮೊದಲಿಗಿಂತ ನೇರವಾಗಿ ಬಂದಿದೆ. ಬಿಟ್ಟುಹೋದದ್ದು ಬರೆದವನ ಊಹೆಗಳು ಮಾತ್ರ. ದುಃಖವನ್ನು ಉಳಿಸಿಕೊಂಡಿದ್ದೇನೆ, ಲಾಜರನನ್ನು ಎಬ್ಬಿಸುವೆನೆಂದು ಅರಿತಿದ್ದ ಪ್ರಭುವೇ ಅವನ ಸಮಾಧಿಯ ಬಳಿ ಅತ್ತರಲ್ಲವೇ? ನೋವಿನ ವಿಷಯದಲ್ಲಿ ಗೆಳೆಯ ಮದ್ದಿನ ಹೆಸರು ಹೇಳಿಲ್ಲ. ಹೇಳಬೇಕಾದವರು ವೈದ್ಯರು, ಅವನು ಕೇಳಲು ಜೊತೆಗೆ ಹೋಗುತ್ತಾನೆ. ‘ಏನಾದರೂ ಬೇಕಿದ್ದರೆ’ ಎಂಬುದರ ಜಾಗದಲ್ಲಿ ದಿನವೂ ಗಂಟೆಯೂ ಬಂದಿವೆ, ಬೇಡವೆನ್ನಲು ಸುಲಭದ ದಾರಿಯೂ ಇದೆ. ನಾಲ್ಕು ಸಾಲು ಗುನುಗುವ ಕೋರಿಕೆ ಅಕ್ವಿನಾಸರ ನಾಲ್ಕು ಲಕ್ಷಣಗಳನ್ನೂ ತುಂಬಿಕೊಂಡಿದೆ. ಅದು ಒಳ್ಳೆಯದು, ಇನ್ನೂ ಆಗಬೇಕಾದದ್ದು, ಈ ಸ್ಥಿತಿಯಲ್ಲಿ ಕಷ್ಟವಾದದ್ದು, ಆದರೂ ಸಾಧ್ಯ. ಇಂಥ ಕೋರಿಕೆ ನಿಜವಾದದ್ದಾಗಿರಬೇಕೆಂಬುದು ಮುಖ್ಯ. ಮಕ್ಕಳಿಗೆ ಧಾಟಿ ಗೊತ್ತಿದ್ದೂ ಗೊತ್ತಿಲ್ಲವೆಂದು ಬರೆದರೆ ಮೇಷ್ಟ್ರು ಕೂಡಲೇ ಹಿಡಿಯುತ್ತಾರೆ, ಓಲೆ ಪೂರ್ತಿ ಬಿದ್ದುಹೋಗುತ್ತದೆ.

ಓಲೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಕಳಿಸುವ ಮೊದಲು ಎರಡು ಸಲ ಓದಿಕೊಳ್ಳಿ. ಮೊದಲ ಸಲ, ಮುಂದಿನ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಚಿಕ್ಕದಾಗಿದೆ ಎಂದುಕೊಂಡು ಓದಿ. ಎರಡನೆಯ ಸಲ, ರೋಗ ಇನ್ನೂ ಹಬ್ಬಿದೆ, ಚಿಕಿತ್ಸೆ ನಿಲ್ಲಿಸಿದ್ದಾರೆ ಎಂದುಕೊಂಡು ಓದಿ. ಎರಡು ಓದಿನಲ್ಲೂ ಯಾವ ವಾಕ್ಯವೂ ಸುಳ್ಳಾಗದಿದ್ದರೆ ಓಲೆ ನಿಂತಿತು. ‘ಖಂಡಿತ ಗುಣವಾಗುತ್ತೀಯ’ ಎಂಬುದು ಎರಡನೆಯ ಓದಿನಲ್ಲಿ ಬೀಳುತ್ತದೆ. ‘ಯಾರೂ ಉಳಿದಿಲ್ಲ’, ‘ಏನು ಪ್ರಯೋಜನ’ ಎಂಬವು ಮೊದಲ ಓದಿನಲ್ಲಿ ಬೀಳುತ್ತವೆ. ‘ಪ್ರಭು ನಿನ್ನ ಕೈ ಬಿಡುವುದಿಲ್ಲ’ ಎಂಬುದು ಎರಡರಲ್ಲೂ ನಿಲ್ಲುತ್ತದೆ. ಕ್ರೈಸ್ತನ ಭರವಸೆಯ ಬೇರು ಇರುವುದು ಅಲ್ಲಿಯೇ. ಆದರೆ ಪುನರುತ್ಥಾನದ ಮಾತನ್ನು ಗೆಳೆಯನನ್ನು ಬೇಗ ಕಳಿಸಿಕೊಡುವ ಅಡ್ಡದಾರಿಯಾಗಿ ಬಳಸಬಾರದು. ಆದ್ದರಿಂದಲೇ ಸ್ವರ್ಗದ ವರ್ಣನೆಯನ್ನು ಈ ಮೊದಲ ಓಲೆಯಲ್ಲಿ ಸೇರಿಸಿಲ್ಲ. ಆ ಮಾತನ್ನು ಅವನೇ ಎತ್ತುವವರೆಗೆ ಕಾಯಬಹುದು, ಎತ್ತಿದಾಗ ತಪ್ಪಿಸಿಕೊಳ್ಳಬಾರದು. ರೋಗಿಗಳ ಅಭ್ಯಂಗದ ವಿಷಯವೂ ಹೀಗೆಯೇ. ಅದು ಸಾವಿನಂಚಿನಲ್ಲಿರುವವರಿಗೆ ಮಾತ್ರವಲ್ಲ, ರೋಗದಿಂದ ಅಪಾಯಕ್ಕೆ ಒಳಗಾಗತೊಡಗಿದವರಿಗೇ ತಕ್ಕದ್ದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿದೆ. ಹಾಗಿದ್ದರೂ ಅನೇಕ ಮನೆಗಳಲ್ಲಿ ಎಣ್ಣೆ ಬಂತೆಂದರೆ ಎಲ್ಲ ಮುಗಿಯಿತೆಂದೇ ತಿಳಿಯುತ್ತಾರೆ. ಅದರ ಅರ್ಥವನ್ನು ಎದುರು ಕುಳಿತು ಹೇಳಬೇಕೇ ಹೊರತು ಸಂದೇಶದ ಒಂದು ಸಾಲಿನಲ್ಲಿ ಅಲ್ಲ.

ಈ ತಿದ್ದುಪಡಿಗೆ ಮಿತಿಗಳೂ ಇವೆ. ನಮ್ಮ ಮಾದರಿಯಲ್ಲಿ ರೋಗಿಗೆ ತನ್ನ ಸ್ಥಿತಿ ತಿಳಿದಿತ್ತು. ನಮ್ಮ ನಾಡಿನಲ್ಲಿ ಎಷ್ಟೋ ಸಲ ಮನೆಯವರು ರೋಗದ ಹೆಸರನ್ನು ರೋಗಿಯಿಂದ ಮುಚ್ಚಿಟ್ಟಿರುತ್ತಾರೆ. ಅಲ್ಲಿ ಗೆಳೆಯನ ಸಂದೇಶದಿಂದ ಸುದ್ದಿ ಹೊರಬೀಳುವುದು ತಪ್ಪು. ಹಾಗೆಂದು ಸುಳ್ಳನ್ನು ಬರೆಯುವುದೂ ಬೇಡ. ರೋಗದ ಹೆಸರನ್ನೂ ಗುಣದ ಮಾತನ್ನೂ ಎತ್ತದೆ, ಗುರುವಾರ ಬರುತ್ತೇನೆ ಎಂಬುದನ್ನೂ ಹಾಡಿನ ಕೋರಿಕೆಯನ್ನೂ ಬರೆದರೆ ಅಷ್ಟೂ ಸತ್ಯವೇ. ಇನ್ನೊಂದು ಮಿತಿಯೆಂದರೆ, ಒಳ್ಳೆಯ ಓಲೆಗೂ ಕಹಿ ಉತ್ತರ ಬರಬಹುದು. ಯೆರೆಮೀಯನ ಓಲೆಯನ್ನು ಓದಿದ ಸೆರೆಯಾಳುಗಳಲ್ಲೊಬ್ಬ, ಇವನನ್ನೇಕೆ ಗದರಿಸಿಲ್ಲವೆಂದು ಜೆರುಸಲೇಮಿನ ಯಾಜಕರಿಗೆ ದೂರು ಬರೆದ. ಮೇಷ್ಟ್ರೂ ‘ನಿನ್ನ ಹಾಡು ಯಾರಿಗೆ ಬೇಕು’ ಎಂದು ಬರೆಯಬಹುದು. ಆಗ ಗೆಳೆಯ ಹೊಸ ಸಮಾಧಾನವನ್ನು ಹುಡುಕಬೇಕಾಗಿಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಅದು ದೇವರನ್ನು ಕುರಿತು ಆಡಿದ ಪ್ರಾರ್ಥನೆಯೇ. ರೋಗಿಯ ದುಃಖಕ್ಕೆ ನಮ್ಮ ಓಲೆ ಬಾಯಿಮುಚ್ಚಿಸುವ ಬಟ್ಟೆಯಾಗಬಾರದು.

ಕೊನೆಯದಾಗಿ, ಇಂಥ ಓಲೆಯನ್ನು ಒಮ್ಮೆ ಬರೆದು ಮುಗಿಸಲಾಗದು. ಇಂದು ಸಾಧ್ಯವಾದದ್ದು ಮುಂದಿನ ತಿಂಗಳು ಸಾಧ್ಯವಾಗದಿರಬಹುದು. ಗುನುಗುವ ಶಕ್ತಿ ಹೋದರೆ ಧ್ವನಿಮುದ್ರಿಸಿಕೊಂಡ ಹಾಡನ್ನು ಅವರಿಗೆ ಕೇಳಿಸುವ ಕೆಲಸ ಉಳಿದಿರುತ್ತದೆ. ಅದೂ ಕಷ್ಟವಾದರೆ ಕೈ ಹಿಡಿದು ಕುಳಿತಿರುವ ಕೆಲಸ. ಪ್ರತಿ ಹಂತದಲ್ಲೂ ಗೆಳೆಯ ಮತ್ತೆ ಕಾಗದ ತೆಗೆದುಕೊಂಡು, ಯಾವುದು ನಿಜ, ಯಾವುದು ನನ್ನ ಭಯ, ಈಗ ಯಾವ ಒಳಿತು ಸಾಧ್ಯ ಎಂದು ಹೊಸದಾಗಿ ಬರೆದುಕೊಳ್ಳಬೇಕಾಗುತ್ತದೆ. ಇದನ್ನು ಓದುತ್ತಿರುವ ನಿಮ್ಮ ಕೈಯಲ್ಲಿರುವ ಫೋನಿನಲ್ಲಿ ಅಂಥದೊಂದು ಸಂದೇಶ ಅರ್ಧ ಬರೆದು ನಿಂತಿದ್ದರೆ, ದಯವಿಟ್ಟು ಅದನ್ನು ಕಳಿಸುವ ಮುನ್ನ ಎರಡು ಸಲ ಓದಿ, ಆಮೇಲೆ ಒಂದು ದಿನವನ್ನೂ ಗಂಟೆಯನ್ನೂ ಅದರಲ್ಲಿ ಬರೆಯಿರಿ.